ಅಂಗಡಿ ಮುಚ್ಚಿದರೂ ಸಾಲ ಮುಗಿಯದು

ಮಾನ್ಯರೇ,

ಏಕಮಾಲೀಕತ್ವದ ವ್ಯಾಪಾರ ನಿಂತಾಗ ನೋಂದಣಿ ರದ್ದು ಮಾಡಿಸಿದರೆ ಬಾಕಿಯೂ ತೀರಿತೆಂದು ನಂಬಿ ಮೋಸಹೋಗುವವರು ಬಹಳ. ಕಾನೂನಿನ ಪ್ರಕಾರ ವ್ಯಾಪಾರವೂ ಮಾಲೀಕರೂ ಒಂದೇ, ಹಾಗಾಗಿ ಅಂಗಡಿಯ ಸಾಲವೆಲ್ಲ ಅವರ ಸ್ವಂತ ಸಾಲವೇ.

ಬ್ಯಾಂಕಿಗೆ 8 ಲಕ್ಷ, ಸರಕು ಕೊಟ್ಟವರಿಗೆ 3 ಲಕ್ಷ ಬಾಕಿ ಇದೆಯೆನ್ನಿ. ಅಡವಿಟ್ಟ ಯಂತ್ರ ಹರಾಜಿನಲ್ಲಿ 5 ಲಕ್ಷಕ್ಕೆ ಹೋದರೆ ಬ್ಯಾಂಕಿನ ಉಳಿದ 3 ಲಕ್ಷ, ಅದರ ಬಡ್ಡಿ, ಹರಾಜಿನ ಖರ್ಚು ಎಲ್ಲವೂ ಮಾಲೀಕರ ತಲೆಗೇ. ಅಡವು ಕೊಟ್ಟಾಯಿತಲ್ಲ ಎಂದು ಇಲ್ಲೇ ಹಲವರು ಸುಮ್ಮನಾಗುತ್ತಾರೆ. ಸರಕಿನವರೂ ದಾವೆ ಗೆದ್ದರೆ ಉಳಿತಾಯ ಖಾತೆ, ಸ್ವಂತ ಹೆಸರಿನ ಜಾಗದವರೆಗೂ ಕೈಹಾಕಬಹುದು. ಕಾನೂನು ವಿನಾಯಿತಿ ಕೊಟ್ಟ ಆಸ್ತಿಯಷ್ಟೇ ಹೊರತು. ಮನೆಯವರು ಜಾಮೀನಿಗೆ ಸಹಿ ಹಾಕಿದ್ದರೆ ಅವರಿಗೂ ನೋಟಿಸ್ ಬರುತ್ತದೆ.

ಆದ್ದರಿಂದ ಮುಚ್ಚುವ ಮೊದಲೇ ಸಾಲ ಕೊಟ್ಟವರೊಡನೆ ಮಾತಿಗೆ ಕೂರಬೇಕು ಎಂದು ಕಳಕಳಿಯಿಂದ ಹೇಳುತ್ತೇನೆ. 3 ಲಕ್ಷದ ಬಾಕಿಗೆ 2 ಲಕ್ಷ ಕೊಟ್ಟು ಕೈಕುಲುಕಿ ಬಂದರೆ ಸಾಲದು. "ಪೂರ್ಣ ಮತ್ತು ಅಂತಿಮ ಇತ್ಯರ್ಥ, ಇನ್ನು ಬಾಕಿಯಿಲ್ಲ" ಎಂಬ ಸಹಿ ಮಾಡಿದ ಪತ್ರ ಪಡೆಯದಿದ್ದರೆ, ಉಳಿದ 1 ಲಕ್ಷವನ್ನು ಅವರು ಮತ್ತೆ ಕೇಳಬಹುದು.

– ಒಬ್ಬ ಓದುಗ