ಕೇಳಿದ ವ್ಯಾಲ್ಯೂ ಇಲ್ಲದಿದ್ದಾಗ ಯಾವುದನ್ನು ಕಳಿಸುತ್ತೇವೆ: ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಎಸ್‌.ಪಿ. ರೋಡಿನ ನಮ್ಮ ಅಂಗಡಿಗೆ ನೀವು ವಾಟ್ಸಾಪ್‌ನಲ್ಲಿ ಕಳಿಸುವ ಪಟ್ಟಿಗಳಲ್ಲಿ ಒಂದೆರಡು ಸಾಲಾದರೂ ನಮ್ಮ ಡಬ್ಬಿಗಳಲ್ಲಿ ಇಲ್ಲದ ವ್ಯಾಲ್ಯೂ ಇರುತ್ತದೆ. 300 ಓಮ್ ರೆಸಿಸ್ಟರ್, 1500 ಮೈಕ್ರೋಫ್ಯಾರಡ್ ಕೆಪಾಸಿಟರ್, ಹೀಗೆ. ಇಷ್ಟು ದಿನ ಅಂಥ ಪ್ರತಿಯೊಂದು ಸಾಲಿಗೂ ಫೋನ್ ಮಾಡಿ ಕೇಳುತ್ತಿದ್ದೆವು. ನೀವು ಫೋನ್ ತೆಗೆಯುವ ತನಕ ಪಾರ್ಸೆಲ್ ಕೌಂಟರಿನಲ್ಲೇ ಕೂತಿರುತ್ತಿತ್ತು. ಕೆಲಸದ ಮಧ್ಯೆ ನಿಮಗೂ ಅದು ಕಿರಿಕಿರಿ, ಅಲ್ವಾ?

ಮುಂದಿನ ತಿಂಗಳ 1ನೇ ತಾರೀಖಿನಿಂದ ಈ ಕ್ರಮ ಬದಲಾಗುತ್ತದೆ. ಕೇಳಿದ್ದು ಇಲ್ಲದಿದ್ದರೆ, ಸ್ಟಾಕ್‌ನಲ್ಲಿರುವ ಅತಿ ಹತ್ತಿರದ ವ್ಯಾಲ್ಯೂವನ್ನು ನಮ್ಮ ಆರ್ಡರ್ ಶೀಟೇ ಹುಡುಕಿ ಇಡುತ್ತದೆ. ಬಿಲ್ಲಿನಲ್ಲಿ ನೀವು ಕೇಳಿದ್ದು, ನಾವು ಕೊಟ್ಟಿದ್ದು ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ಆದರೆ ‘ಹತ್ತಿರ’ ಅಂದರೆ ಏನು ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ಅದು ಕಾಣುವಷ್ಟು ಸುಲಭವಲ್ಲ. ತಪ್ಪಾಗಿ ಹಿಡಿದರೆ ನಿಮ್ಮ ಬೋರ್ಡ್ ಸುಡಬಹುದು.

ರೆಸಿಸ್ಟರ್‌ನಿಂದಲೇ ಶುರು ಮಾಡೋಣ. ನಮ್ಮಲ್ಲಿ ಯಾವಾಗಲೂ ಇರುವುದು ಇ12 ಸಾಲು: 10, 12, 15, 18, 22, 27, 33, 39, 47, 56, 68, 82. ಆಮೇಲೆ 100, 120 ಅಂತ ಇದೇ ಅಂಕಿಗಳು ಸೊನ್ನೆ ಸೇರಿಸಿಕೊಂಡು ಮುಂದುವರಿಯುತ್ತವೆ. ಈ ಅಂಕಿಗಳನ್ನು ಯಾರೋ ಸುಮ್ನೆ ಆರಿಸಿದ್ದಲ್ಲ. ಒಂದೊಂದೂ ಹಿಂದಿನದಕ್ಕಿಂತ ಸುಮಾರು 1.2 ಪಟ್ಟು ದೊಡ್ಡದು. 10ರಿಂದ 12ಕ್ಕೆ 2 ಓಮ್ ಜಾಸ್ತಿ, 68ರಿಂದ 82ಕ್ಕೆ 14 ಓಮ್ ಜಾಸ್ತಿ. ಆದರೂ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯ ಮೆಟ್ಟಿಲು. ಹಾಗಾಗಿ ಈ ಸಾಲಿನಲ್ಲಿ ಹತ್ತಿರದ್ದನ್ನು ಹುಡುಕುವಾಗ ಎಷ್ಟು ಓಮ್ ವ್ಯತ್ಯಾಸ ಅಂತ ನೋಡುವುದಕ್ಕಿಂತ ಎಷ್ಟು ಪಟ್ಟು ವ್ಯತ್ಯಾಸ ಅಂತ ನೋಡುವುದೇ ಸರಿ.

ಒಂದು ಉದಾಹರಣೆ ನೋಡಿ. 5 ವೋಲ್ಟ್ ಸಪ್ಲೈಗೆ ಒಂದು ಕೆಂಪು ಎಲ್‌ಇಡಿ ಹಾಕುತ್ತಿದ್ದೀರಿ. ಎಲ್‌ಇಡಿ 2 ವೋಲ್ಟ್ ತೆಗೆದುಕೊಂಡರೆ 3 ವೋಲ್ಟ್ ಉಳಿಯುತ್ತದೆ. 10 ಮಿಲಿಆಂಪ್ ಕರೆಂಟ್ ಬೇಕೆಂದರೆ 300 ಓಮ್ ಬೇಕು. ನಮ್ಮಲ್ಲಿರುವುದು 270 ಮತ್ತು 330. ಕಳೆದು ನೋಡಿದರೆ ಎರಡೂ ಸರಿಯಾಗಿ 30 ಓಮ್ ದೂರ. ಯಾವುದು ಹತ್ತಿರ? ಕಳೆಯುವ ಲೆಕ್ಕದಲ್ಲಿ ಉತ್ತರವೇ ಇಲ್ಲ. ಕಂಪ್ಯೂಟರಿಗೆ ಬಿಟ್ಟರೆ ಪಟ್ಟಿಯಲ್ಲಿ ಯಾವುದು ಮೊದಲು ಬರುತ್ತದೋ ಅದನ್ನೇ ಎತ್ತಿಕೊಳ್ಳುತ್ತದೆ. ಪಟ್ಟಿ ಚಿಕ್ಕದರಿಂದ ದೊಡ್ಡದಕ್ಕೆ ಇದ್ದರೆ 270 ಬರುತ್ತದೆ, ತಿರುಗಿಸಿ ಜೋಡಿಸಿದ್ದರೆ 330 ಬರುತ್ತದೆ. ಅದರ ಬದಲು ಎಷ್ಟು ಪಟ್ಟು ಅಂತ ಲೆಕ್ಕ ಹಾಕಿ: 300 ÷ 270 ಅಂದರೆ 1.11, 330 ÷ 300 ಅಂದರೆ 1.10. ಸ್ವಲ್ಪವೇ ಆದರೂ 330 ಹತ್ತಿರ. ಕರೆಂಟ್ ನೋಡಿದರೂ ಅದೇ ಮಾತು. 270 ಹಾಕಿದರೆ 11.1 ಮಿಲಿಆಂಪ್, 330 ಹಾಕಿದರೆ 9.1. ಎಲ್‌ಇಡಿಗೆ ಕಡಿಮೆ ಕರೆಂಟಿನ ಕಡೆ ವಾಲುವುದು ಒಳ್ಳೆಯದು. ಹಾಗಾಗಿ ನಿಮಗೆ ಬರುವುದು 330.

ರೆಸಿಸ್ಟರ್‌ಗಳಲ್ಲಿ ಮೆಟ್ಟಿಲು ಚಿಕ್ಕದಾದ್ದರಿಂದ ಕಳೆಯುವ ಲೆಕ್ಕಕ್ಕೂ ಪಟ್ಟಿನ ಲೆಕ್ಕಕ್ಕೂ ಹೆಚ್ಚಿನ ಸಲ ಒಂದೇ ಉತ್ತರ ಬರುತ್ತದೆ. ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಲ್ಲಿ ಹಾಗಲ್ಲ. ನಮ್ಮಲ್ಲಿ 1000 ಇದೆ, ಅದರ ಮುಂದಿನದು 2200. ನೀವು 1500 ಕೇಳಿದರೆ ಕಳೆಯುವ ಲೆಕ್ಕದಲ್ಲಿ 1000 ಹತ್ತಿರ, ಯಾಕೆಂದರೆ ಅದಕ್ಕೆ 500 ದೂರ, 2200ಕ್ಕೆ 700 ದೂರ. ಪಟ್ಟಿನ ಲೆಕ್ಕದಲ್ಲಿ ಉತ್ತರ ತಿರುಗಿಬಿಡುತ್ತದೆ. 1500 ÷ 1000 ಅಂದರೆ 1.5, 2200 ÷ 1500 ಅಂದರೆ 1.47. ಪವರ್ ಸಪ್ಲೈ ಫಿಲ್ಟರ್‌ನಲ್ಲಿ ಕೆಪಾಸಿಟರ್ ಚಿಕ್ಕದಾದಷ್ಟೂ ರಿಪಲ್ ಅದೇ ಪಟ್ಟಿನಲ್ಲಿ ಏರುತ್ತದೆ. 1000 ಹಾಕಿದರೆ ರಿಪಲ್ ಒಂದೂವರೆ ಪಟ್ಟು ಆಗುತ್ತದೆ, ಆಂಪ್ಲಿಫೈಯರ್ ಆದರೆ ಸ್ಪೀಕರಿನಲ್ಲಿ ಗುಂಯ್ ಅನ್ನುವುದು ಕಿವಿಗೇ ಕೇಳಬಹುದು. ಫಿಲ್ಟರ್‌ಗೆ ಅಂತ ಬರೆದಿದ್ದರೆ 2200 ಕೊಡುತ್ತೇವೆ. ಟೈಮರ್ ಸರ್ಕ್ಯೂಟಿಗೆ ಅಂತಾದರೆ ಬದಲಿ ಕೊಡುವುದಿಲ್ಲ, ಟೈಮೇ ಬದಲಾಗಿಬಿಡುತ್ತದೆ. ಯಾವುದಕ್ಕೆ ಅಂತ ಬರೆಯದೇ ಇದ್ದರೆ ಮೊದಲಿನಂತೆ ಫೋನ್ ಮಾಡುತ್ತೇವೆ.

ಇನ್ನು ಕೆಲವು ಅಂಕಿಗಳಿಗೆ ‘ಹತ್ತಿರದ್ದು’ ಅನ್ನುವ ಮಾತೇ ಸಲ್ಲದು. ಕೆಪಾಸಿಟರ್ ಮೇಲೆ ಬರೆದಿರುವ ವೋಲ್ಟ್ ಅಂಥದ್ದು. 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಕೊಡುವ ಎಸಿಯ ತುದಿ ಸುಮಾರು 17 ವೋಲ್ಟ್. ಅದನ್ನು ನೋಡಿ ನೀವು 17 ವೋಲ್ಟಿನ ಕೆಪಾಸಿಟರ್ ಅಂತ ಬರೆದಿರಿ ಅನ್ನೋಣ. ಸಿಗುವುದು 16 ಮತ್ತು 25. ಒಂದಕ್ಕೆ 1 ದೂರ, ಇನ್ನೊಂದಕ್ಕೆ 8 ದೂರ. ಕಳೆದು ನೋಡಿ, ಪಟ್ಟು ನೋಡಿ, ಎರಡರಲ್ಲೂ 16 ಗೆಲ್ಲುತ್ತದೆ. ಅದನ್ನು ಹಾಕಿದರೆ ಲೋಡ್ ಕಡಿಮೆ ಇದ್ದು ಮೇನ್ಸ್ ಏರಿದ ದಿನ ಕೆಪಾಸಿಟರ್ ತಲೆ ಉಬ್ಬುತ್ತದೆ. ಆದ್ದರಿಂದ ವೋಲ್ಟ್ ಮತ್ತು ವ್ಯಾಟ್ ಎರಡಕ್ಕೂ ನಮ್ಮ ಶೀಟ್ ಕೆಳಗಿನದ್ದನ್ನು ನೋಡುವುದೇ ಇಲ್ಲ. ಕೇಳಿದ್ದಕ್ಕೆ ಸಮ ಅಥವಾ ಅದಕ್ಕಿಂತ ಮೇಲಿನವುಗಳಲ್ಲಿ ಅತಿ ಚಿಕ್ಕದನ್ನು ತೆಗೆಯುತ್ತದೆ. 17 ಕೇಳಿದರೆ 25 ಬರುತ್ತದೆ. ಸೈಜ್ ಸ್ವಲ್ಪ ದೊಡ್ಡದಾಗುತ್ತದೆ, ಬೋರ್ಡಿನಲ್ಲಿ ಜಾಗ ನೋಡಿಕೊಳ್ಳಿ. ಫ್ಯೂಸ್‌ಗಂತೂ ಮೇಲೂ ಇಲ್ಲ, ಕೆಳಗೂ ಇಲ್ಲ. ಕೇಳಿದ್ದು ಇದ್ದರೆ ಕೊಡುತ್ತೇವೆ, ಇಲ್ಲದಿದ್ದರೆ ಇಲ್ಲ ಅನ್ನುತ್ತೇವೆ.

ಎಷ್ಟು ದೂರದವರೆಗೆ ‘ಹತ್ತಿರ’ ಅನ್ನಬಹುದು? ರೆಸಿಸ್ಟರ್‌ಗೆ ನಾವು 12 ಪರ್ಸೆಂಟ್ ಗೆರೆ ಹಾಕಿದ್ದೇವೆ. ಇ12 ಸಾಲಿನಲ್ಲಿ ಅತಿ ದೊಡ್ಡ ಮೆಟ್ಟಿಲು 12ರಿಂದ 15ಕ್ಕೆ. ಅದರ ನಟ್ಟನಡುವೆ ಬಿದ್ದರೂ ವ್ಯತ್ಯಾಸ 12 ಪರ್ಸೆಂಟ್ ದಾಟಲ್ಲ. ದಾಟಿತು ಅಂದರೆ ನಡುವಿನ ಯಾವುದೋ ಡಬ್ಬಿ ಖಾಲಿಯಾಗಿದೆ ಅಂತಲೇ ಅರ್ಥ. ಉದಾಹರಣೆಗೆ 470 ಮುಗಿದಿದೆ, ನೀವು 450 ಕೇಳಿದ್ದೀರಿ. ಉಳಿದವುಗಳಲ್ಲಿ ಹತ್ತಿರದ್ದು 390. ಅದು 15 ಪರ್ಸೆಂಟ್ ಆಚೆಗಿದೆ. ಅಂಥ ಸಾಲನ್ನು ಶೀಟ್ ಕೆಂಪು ಮಾಡುತ್ತದೆ, ನಾವು ಫೋನ್ ಮಾಡುತ್ತೇವೆ. ಫಿಲ್ಟರ್ ಕೆಪಾಸಿಟರ್‌ಗೆ ಈ ಗೆರೆ ಒಂದೂವರೆ ಪಟ್ಟು.

ಇನ್ನೊಂದು ವಿಷಯಕ್ಕೆ ನಿಮ್ಮ ಸಹಾಯ ಬೇಕು. ಎರಡು ರೆಸಿಸ್ಟರ್ ಜೋಡಿಯಾಗಿ ಕೆಲಸ ಮಾಡುವ ಕಡೆ ಒಂದೊಂದಕ್ಕೂ ಬೇರೆಬೇರೆಯಾಗಿ ಹತ್ತಿರದ್ದು ಹುಡುಕಿದರೆ ಸಾಲದು. LM317 ರೆಗ್ಯುಲೇಟರ್‌ನಲ್ಲಿ ಔಟ್‌ಪುಟ್ ವೋಲ್ಟ್ ನಿಲ್ಲುವುದು R2 ಭಾಗಿಸು R1 ಮೇಲೆ. 9 ವೋಲ್ಟ್ ಬೇಕಿದ್ದರೆ, R1 240 ಓಮ್ ಆದಾಗ R2 1488 ಓಮ್ ಆಗಬೇಕು. ಇ12 ಸಾಲಿನಲ್ಲಿ 240ಕ್ಕೆ ಹತ್ತಿರದ್ದು 220, 1488ಕ್ಕೆ ಹತ್ತಿರದ್ದು 1500. ಎರಡೂ ಆಯ್ಕೆ ಗೆರೆಯೊಳಗೇ ಇವೆ. ಆದರೆ ಒಂದು ಕೆಳಗೆ ಹೋಯಿತು, ಇನ್ನೊಂದು ಮೇಲೆ ಹೋಯಿತು. ಔಟ್‌ಪುಟ್ ಸುಮಾರು 9.8 ವೋಲ್ಟ್ ಆಗಿ ಕೂರುತ್ತದೆ. 240 ಅನ್ನು ಹಾಗೇ ಇಟ್ಟುಕೊಂಡು 1500 ಹಾಕಿದರೆ 9.1ರ ಆಸುಪಾಸು ಸಿಗುತ್ತದೆ. ಇದಕ್ಕಾಗಿಯೇ ಇ12ರಲ್ಲಿ ಇಲ್ಲದ 240 ಓಮ್ ಡಬ್ಬಿಯನ್ನು ಈಗ ಹೊಸದಾಗಿ ಸೇರಿಸಿದ್ದೇವೆ. ಜೋಡಿ ರೆಸಿಸ್ಟರ್ ಇದ್ದರೆ ಸಾಲಿನ ಪಕ್ಕದಲ್ಲಿ ‘ಜೋಡಿ’ ಅಂತ ಬರೆಯಿರಿ. ಅವನ್ನು ಶೀಟ್ ಮುಟ್ಟುವುದಿಲ್ಲ, ನಮ್ಮಲ್ಲೊಬ್ಬರು ಕೂತು ಎರಡನ್ನೂ ಒಟ್ಟಿಗೆ ನೋಡುತ್ತಾರೆ.

ನಿಮ್ಮಲ್ಲಿ ಹಲವರು ನಮ್ಮ ಸ್ಟಾಕ್ ಪಟ್ಟಿಯನ್ನು ನಿಮ್ಮ ಎಕ್ಸೆಲ್‌ಗೆ ಹಾಕಿಕೊಂಡು ಮೊದಲೇ ವ್ಯಾಲ್ಯೂ ಹೊಂದಿಸಿ ಕಳಿಸುತ್ತೀರಿ. ಅದು ತುಂಬಾ ಒಳ್ಳೆಯದು. ಆದರೆ `VLOOKUP` ಕೊನೆಯಲ್ಲಿ `TRUE` ಹಾಕಿದರೆ ಸಿಗುವುದು ಹತ್ತಿರದ್ದಲ್ಲ. ಕೇಳಿದ್ದನ್ನು ಮೀರದ ಅತಿ ದೊಡ್ಡದು ಸಿಗುತ್ತದೆ. 460 ಕೊಟ್ಟರೆ, 10 ಓಮ್ ದೂರದಲ್ಲೇ 470 ಇದ್ದರೂ 390 ಬರುತ್ತದೆ. ಗುರುತಿಸುವುದು ಸುಲಭ: ಬದಲಿ ಬಂದ ವ್ಯಾಲ್ಯೂಗಳೆಲ್ಲ ಕೇಳಿದ್ದಕ್ಕಿಂತ ಕಡಿಮೆಯೇ ಇದ್ದರೆ ನಿಮ್ಮ ಶೀಟಿನಲ್ಲಿ ಇದೇ ಆಗುತ್ತಿದೆ. ನಾವು ಬಳಸುವ ಫಾರ್ಮುಲಾ ಇದು. ಎಕ್ಸೆಲ್ 2021ರಲ್ಲಿ ಅಥವಾ ನಂತರದ್ದರಲ್ಲಿ ನಡೆಯುತ್ತದೆ.

```
=LET(s, FILTER(A2:A85, B2:B85>0),
     d, ABS(LN(s/D2)),
     INDEX(s, MATCH(MIN(d), d, 0)))
```

`A` ಕಾಲಂನಲ್ಲಿ ವ್ಯಾಲ್ಯೂ, `B` ಕಾಲಂನಲ್ಲಿ ಸ್ಟಾಕ್ ಇರುವ ಸಂಖ್ಯೆ, `D2`ನಲ್ಲಿ ನಿಮಗೆ ಬೇಕಾದದ್ದು. ಮೊದಲ ಸಾಲು ಖಾಲಿ ಡಬ್ಬಿಗಳನ್ನು ತೆಗೆದುಹಾಕುತ್ತದೆ. ಎರಡನೆಯದು ಪ್ರತಿ ವ್ಯಾಲ್ಯೂ ಎಷ್ಟು ಪಟ್ಟು ದೂರ ಅಂತ ಅಳೆಯುತ್ತದೆ. ಇಲ್ಲಿ `LN` ಇರುವುದರಿಂದ 2 ಪಟ್ಟು ದೊಡ್ಡದಾದರೂ ಅರ್ಧ ಆದರೂ ದೂರ ಒಂದೇ. ಮೂರನೆಯದು ದೂರ ಅತಿ ಕಡಿಮೆ ಇರುವುದನ್ನು ಎತ್ತುತ್ತದೆ. ಪಟ್ಟಿಯಲ್ಲಿ 0 ಓಮ್ ಜಂಪರ್ ಇದ್ದರೆ ಅದನ್ನು ಬೇರೆ ಶೀಟಿಗೆ ಹಾಕಿ, ಸೊನ್ನೆಗೆ `LN` ಇಲ್ಲ, `#NUM!` ಬರುತ್ತದೆ. 4K7 ಅಂತ ಬರೆದರೂ ನಡೆಯಲ್ಲ, `#VALUE!` ಬರುತ್ತದೆ. 4700 ಅಂತಲೇ ಬರೆಯಿರಿ. ವೋಲ್ಟ್, ವ್ಯಾಟ್ ಕಾಲಂಗಳಿಗೆ ಈ ಫಾರ್ಮುಲಾ ಬೇಡ.

ಯಾವುದಾದರೂ ಸಾಲಿಗೆ ಬದಲಿ ಬೇಡವೇ ಬೇಡ ಅಂತಿದ್ದರೆ ಪಕ್ಕದಲ್ಲಿ ‘ಬದಲಿ ಬೇಡ’ ಅಂತ ಬರೆಯಿರಿ ಸಾಕು. ಆ ಐಟಂ ಬಿಟ್ಟು ಉಳಿದದ್ದನ್ನು ಕಳಿಸುತ್ತೇವೆ, ಅದರ ದುಡ್ಡು ಬಿಲ್ಲಿಗೆ ಸೇರುವುದಿಲ್ಲ. ಬದಲಿ ಕೊಟ್ಟ ಐಟಂ ನಿಮಗೆ ಹೊಂದದಿದ್ದರೆ ಕಾಲು ಕತ್ತರಿಸದೆ, ಸೋಲ್ಡರ್ ಮಾಡದೆ ವಾಪಸ್ ತನ್ನಿ. ಅದಕ್ಕೆ ಪೂರ್ತಿ ದುಡ್ಡು ಕೊಡುತ್ತೇವೆ.

ಇಂತಿ ನಿಮ್ಮ,
ಅಂಗಡಿಯ ಎಲ್ಲರ ಪರವಾಗಿ
ಎಸ್‌.ಪಿ. ರೋಡ್, ಬೆಂಗಳೂರು