ತಳ ಸೀದು ಮೇಲೆ ಅಕ್ಕಿ ಉಳಿಯುವ ಭಯಕ್ಕೆ

ಪ್ರೀತಿಯ ಅಳಿಯನಿಗೆ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ ಬೇರೆಲ್ಲ ಸರಿ, ಒಂದು ಸಾಲು ಮಾತ್ರ ಮನಸ್ಸಿಗೆ ಅಂಟಿಕೊಂಡಿದೆ: ‘10 ಕೆ.ಜಿ. ಬಿರಿಯಾನಿ ದಮ್‌ಗೆ ಹಾಕಿ, ತಳ ಸೀದು ಮೇಲೆ ಅಕ್ಕಿ ಹಾಗೇ ಉಳಿದರೆ ಏನು ಮಾಡಲಿ ಮಾವ?’ ಮಸಾಲೆ ನಿನ್ನ ಅಮ್ಮನ ಕೈಯದು, ಅದರಲ್ಲಿ ನಾನು ಹೇಳುವುದೇನೂ ಇಲ್ಲ. ಈ ಭಯದ ಬಗ್ಗೆಯೇ ಬರೆಯುತ್ತೇನೆ.

ನಿನ್ನ ಭಯ ಸುಳ್ಳಲ್ಲ. ಉರಿ ಇರುವುದು ಕೆಳಗೆ, ಮೇಲಿನ ಅಕ್ಕಿಗೆ ಸಿಗುವುದು ಬರೀ ಹಬೆ. ರಾಶಿ ಎತ್ತರವಾದಷ್ಟೂ ಹಬೆ ಮೇಲೇರುವುದು ತಡ, ಅಷ್ಟು ಹೊತ್ತೂ ತಳ ಕಾಯುತ್ತಲೇ ಇರುತ್ತದೆ. ಅದಕ್ಕೇ ಹತ್ತು ಕೆ.ಜಿ.ಯನ್ನು ಒಂದೇ ಪಾತ್ರೆಗೆ ತುಂಬಬೇಡ. ಒಂದೂವರೆ ಅಡಿ ಬಾಯಗಲದ ದಪ್ಪ ತಳದ ಡೇಗ್‌ಗಳು ಎರಡು ತಗೋ, ಒಂದೊಂದಕ್ಕೆ 5 ಕೆ.ಜಿ. ಅಕ್ಕಿ, 6 ಕೆ.ಜಿ. ಕೋಳಿ. ಒಳಗಿನ ರಾಶಿ ಒಂದು ಗೇಣು ಮೀರಬಾರದು.

ಇನ್ನು ಅಕ್ಕಿ. ಹಳೆಯ ಬಾಸ್ಮತಿಯನ್ನು ಅರ್ಧ ಗಂಟೆ ನೆನೆಸಿಡು. 5 ಕೆ.ಜಿ.ಗೆ 30 ಲೀಟರ್ ನೀರು ಬೇಕು, ಲೀಟರಿಗೆ 15 ಗ್ರಾಂ ಉಪ್ಪು. ನೀರು ಕಡಿಮೆಯಾದರೆ ಅಕ್ಕಿ ಬಿದ್ದ ಕೂಡಲೇ ಕುದಿ ನಿಂತುಹೋಗುತ್ತದೆ, ಮತ್ತೆ ಕುದಿ ಬರುವಷ್ಟರಲ್ಲಿ ಅಗುಳಿನ ಮೈ ಮೆತ್ತಗಾಗಿ ಒಳಗು ಗಟ್ಟಿಯಾಗಿಯೇ ಇರುತ್ತದೆ. ಗಡಿಯಾರ ನೋಡುವುದಾದರೆ ಮರುಕುದಿ ಬಂದ ಮೇಲಿಂದ ನೋಡು. ನಾಲ್ಕನೇ ನಿಮಿಷದಿಂದ ಅಗುಳು ಹಿಸುಕಿ ನೋಡುತ್ತಿರು. ಅಕ್ಕಿಯಿಂದ ಅಕ್ಕಿಗೆ ಹೊತ್ತು ಬದಲಾಗುವುದರಿಂದ ನಿಮಿಷಕ್ಕಿಂತ ಬೆರಳೇ ನಂಬಿಕೆಗೆ ಅರ್ಹ.

ಎಲ್ಲ ಅಕ್ಕಿಯನ್ನೂ ಒಂದೇ ಹದಕ್ಕೆ ಬೇಯಿಸಿ ಬಸಿದು ಹಾಕುವುದರಿಂದಲೇ ನೀನು ಹೆದರುವ ಆ ಅನಾಹುತ ಹೆಚ್ಚಾಗಿ ಆಗುವುದು. ತಳದ ಅಕ್ಕಿಗೆ ಉರಿಯೂ ಇದೆ, ಗ್ರೇವಿಯ ನೀರೂ ಇದೆ. ಮೇಲಿನದಕ್ಕೆ ಎರಡೂ ಇಲ್ಲ. ಹಾಗಾಗಿ ಬೆಂದ ಹದವೂ ಬೇರೆ ಬೇರೆ ಇರಬೇಕು. ಹಿಸುಕಿದರೆ ಅಂಚು ಮೆತ್ತಗಾಗಿ ನಡುವೆ ಗಟ್ಟಿ ಕಾಳು ಸಿಗುವ ಹೊತ್ತಿಗೆ ಜಾಲರಿ ಸೌಟಿನಿಂದ ಸುಮಾರು ಅರ್ಧದಷ್ಟು ಅಕ್ಕಿ ಎತ್ತಿ ನೇರ ಮಸಾಲೆಯ ಮೇಲೆ ಹರಡು. ಕುದಿಯುವ ನೀರಲ್ಲೇ ಉಳಿದದ್ದು ಆ ಹೊತ್ತಿನಲ್ಲಿ ಇನ್ನಷ್ಟು ಬೇಯುತ್ತದೆ. ಅದು ನಡುವಿನ ಪದರಕ್ಕೆ. ಕೊನೆಯ ಕಾಲು ಭಾಗ ಮೇಲಿನ ಪದರಕ್ಕೆ. ಅದನ್ನು ಹಿಸುಕಿದರೆ ನಡುವೆ ಎಳೆಯಷ್ಟು ಮಾತ್ರ ಗಟ್ಟಿ ಉಳಿದಿರಬೇಕು. ದೊಡ್ಡ ಪ್ರಮಾಣದಲ್ಲಿ ಅಕ್ಕಿ ಎತ್ತಲು ಹಿಡಿಯುವ ಹೊತ್ತು ಹೀಗೆ ನಿನಗೇ ಉಪಕಾರವಾಗುತ್ತದೆ. ಬಸಿದು ಒಣಗಿಸಬೇಡ, ಅಗುಳಿಗೆ ಅಂಟಿದ ಬಿಸಿನೀರೇ ಮುಂದೆ ಹಬೆ. ಎರಡು ಡೇಗ್‌ಗೂ ಒಟ್ಟಿಗೇ ಅಕ್ಕಿ ಬೇಯಿಸಲು ಹೋಗಬೇಡ, ಒಂದು ಮುಚ್ಚಿದ ಮೇಲೆ ಇನ್ನೊಂದು.

ಪಕ್ಕದಲ್ಲಿ ನಿಂತು ತೋರಿಸಬೇಕಾದದ್ದನ್ನು ಹೀಗೆ ಕಾಗದದಲ್ಲಿ ಹೇಳಬೇಕಾಯಿತಲ್ಲ ಎಂಬ ಕೊರಗು ನನಗಿದೆ. ಸೌದೆ ಒಲೆಯ ಕಾಲದಲ್ಲಿ ಹಿರಿಯರ ಬೆನ್ನಹಿಂದೆ ನಿಂತೇ ಇದೆಲ್ಲ ಕಣ್ಣಿಗೆ ಬೀಳುತ್ತಿತ್ತು. ಇರಲಿ.

ತಳದ ಮಾತು. ಕೋಳಿ ಮುಕ್ಕಾಲು ಬೆಂದಿರಲಿ, ಗ್ರೇವಿ ಎಣ್ಣೆ ಬಿಟ್ಟಿರಲಿ, ಆದರೆ ಸೌಟು ಓರೆ ಮಾಡಿದರೆ ಹರಿಯುವಷ್ಟು ತೆಳ್ಳಗಿರಲಿ. ಗಟ್ಟಿಯಾದರೆ ಸೀಯುತ್ತದೆ, ನೀರಾದರೆ ಕೆಳಗಿನ ಅನ್ನ ಮುದ್ದೆಯಾಗುತ್ತದೆ. ಅಕ್ಕಿ ಹಾಕುವಾಗ ಗ್ರೇವಿ ಕುದಿಯುತ್ತಿರಬೇಕು. ಆರಿದ ಗ್ರೇವಿಯಿಂದ ಹಬೆ ಏಳುವುದು ತಡವಾಗಿ, ನಾವು ಉರಿ ಏರಿಸಿ, ತಳ ಹಿಡಿಯುತ್ತದೆ. ಪದರವನ್ನು ಒತ್ತಬೇಡ, ಹಬೆಗೆ ದಾರಿ ಬೇಕು.

ಮುಚ್ಚಳದ ಸುತ್ತ ಮೈದಾ ಹಿಟ್ಟಿನ ಕಣಕ ಬೆರಳು ದಪ್ಪಕ್ಕೆ ಒತ್ತು. ಚಪಾತಿ ಹಿಟ್ಟಿಗಿಂತ ಮೆತ್ತಗಿದ್ದರೆ ಬಿರುಕು ಬಿಡುವುದಿಲ್ಲ. ಮೊದಲು ಜೋರು ಉರಿ, ಸುಮಾರು 8 ನಿಮಿಷ. ಮುಚ್ಚಳದ ಮೇಲೆ ನೀರು ಚಿಮುಕಿಸಿದರೆ ಚುಂಯ್ ಎನ್ನಬೇಕು. ಹಬೆ ಮೇಲಕ್ಕೆ ಮುಟ್ಟಿದ್ದಕ್ಕೆ ಅದೇ ಗುರುತು. ಆಮೇಲೆ ಡೇಗ್ ಅಡಿಗೆ ದಪ್ಪ ತವಾ ಇಟ್ಟು ಸಣ್ಣ ಉರಿಯಲ್ಲಿ 20 ನಿಮಿಷ, ಮುಚ್ಚಳದ ಮೇಲೆ ಕೆಂಡ. ಕೆಂಡ ಶೋಕಿಗಲ್ಲ, ಮೇಲಿನಿಂದಲೂ ಬಿಸಿ ಸಿಗಲಿ ಎಂದು. ಒಲೆ ಆರಿಸಿ, ಡೇಗನ್ನು ತವಾದಿಂದ ಇಳಿಸಿ 15 ನಿಮಿಷ ಮುಟ್ಟಬೇಡ.

ಇಷ್ಟಾದರೂ ಮೇಲೆ ಅಕ್ಕಿ ಉಳಿಯಿತು ಎಂದುಕೋ. ಎರಡು ಲೋಟ ಕುದಿಯುವ ಉಪ್ಪುನೀರು ಮೇಲೆಲ್ಲ ಚಿಮುಕಿಸಿ, ಒದ್ದೆ ಬಟ್ಟೆ ಹಾಸಿ, ಮುಚ್ಚಿ ಮೇಲೆ ಮಾತ್ರ ಕೆಂಡವಿಟ್ಟು 10 ನಿಮಿಷ ಬಿಡು. ಕೆಳಗೆ ಉರಿ ಕೊಡಲೇಬೇಡ, ಸೀಯುವುದು ಆಗಲೇ. ದಮ್ ನಡುವೆಯೇ ಸೀದ ವಾಸನೆ ಬಂದರೆ ಉರಿ ಆರಿಸಿ ಕೆಂಡ ಹೆಚ್ಚಿಸು. ಬಡಿಸುವಾಗ ಚಪ್ಪಟೆ ಸೌಟನ್ನು ಅಂಚಿನಿಂದ ಇಳಿಸಿ ಪದರ ಸಮೇತ ಎತ್ತು, ತಳ ಮಾತ್ರ ಕೆರೆಯಬೇಡ. ಕೆರೆದರೆ ಸೀದ ವಾಸನೆ ಇಡೀ ಡೇಗ್‌ಗೆ ಹಿಡಿಯುತ್ತದೆ.

ಸಾಧ್ಯವಾದರೆ ಹಿಂದಿನ ವಾರ ಅದೇ ಮೂಟೆಯ ಅಕ್ಕಿಯಿಂದ ಒಂದು ಕೆ.ಜಿ. ಬೇಯಿಸಿ, ಯಾವ ನಿಮಿಷಕ್ಕೆ ಯಾವ ಹದ ಬರುತ್ತದೆ ಎಂದು ಬರೆದಿಟ್ಟುಕೋ. ನನಗೂ ತಿಳಿಸು.

ಇಂತಿ ನಿನ್ನ ಸೋದರಮಾವ