ಗೆಳೆಯನಿಗೊಂದು ಪತ್ರ: ಸೌಟಿನ ಲಕ್ಕಮ್ಮ

ದೋಸ್ತಾ,

ಫೋನ್ ಎತ್ತಂಗಿಲ್ಲ, ಮೆಸೇಜ್ ಓದಂಗಿಲ್ಲ, ಅದಕ್ಕ ಎಲ್ಲಾರ ಮುಂದ ಬರೀಲಕತ್ತೀನಿ, ಈಗರೆ ನಾಚಿಕಿ ಬಂದು ಉತ್ತರ ಕೊಡ್ತೀ ಅಂತ. ಓದೋ ಮಂದಿ ಗಾಬರಿ ಆಗಬ್ಯಾಡ್ರಿ, ಹುಮನಾಬಾದ್ ಬಸ್ಸಿನ ಸುದ್ದಿ ತೆಗಿಯಂಗಿಲ್ಲ. ಇಲ್ಲಿ ಕಲಬುರಗ್ಯಾಗ ಬಿಸಲು ನಿಂಗ ಗೊತ್ತದ. ವಿಷಯ ಏನಂದ್ರ, ನಮ್ಮ ಓಣ್ಯಾಗ ಬಸವ ಜಯಂತಿಗೆ ಸಣ್ಣ ಹುಡುಗರಿಗಿ ಒಂದು ಗೊಂಬಿ ಆಟ ಮಾಡ್ಬೇಕು, ಮನ್ಯಾಗಿನ ಸಾಮಾನದಾಗೇ ಗೊಂಬಿ ಆಗ್ಬೇಕು, ಸ್ಕ್ರಿಪ್ಟ್ ಬರಿಯೋ ಕೆಲಸ ನನ್ನ ತಲಿಗಿ ಬಿತ್ತು. ನಾನು ಆಯ್ಕೊಂಡಿದ್ದು ಆಯ್ದಕ್ಕಿ ಮಾರಯ್ಯನ ಕಥಿ. ಲಿಂಗಸೂಗೂರು ಕಡೆ ಅಮರೇಶ್ವರದಿಂದ ಕಲ್ಯಾಣಕ್ಕ ಬಂದು, ಮಹಾಮನಿ ಅಂಗಳದಾಗ ಚೆಲ್ಲಿದ ಅಕ್ಕಿ ಆರಿಸ್ಕೊಂಡು ಬದುಕಿದ ಗಂಡ ಹೆಂಡತಿ. ಒಂದಿನ ಬಸವಣ್ಣ ಪರೀಕ್ಷಾ ಮಾಡ್ಲಕ ಅಂತ ಹೆಚ್ಚಿಗಿ ಅಕ್ಕಿ ಚೆಲ್ಲಸ್ತಾನ, ಮಾರಯ್ಯ ಎಲ್ಲಾ ಬಳಕೊಂಡು ಮನಿಗಿ ಬರ್ತಾನ, ಲಕ್ಕಮ್ಮ ಹೊಳ್ಳಿ ಕಳಸ್ತಾಳ. ಅಡಗಿಮನಿ ಕಥಿ, ಅಡಗಿಮನಿ ಗೊಂಬಿ, ಸರಿ ಹೊಂದತದ ಅನ್ಕೊಂಡೆ.

ಮೊದಲನೇ ತಕರಾರು ಕಾಲಚೀಲದ್ದು. ಮನ್ಯಾಗ ಮಾಡೋ ಗೊಂಬಿ ಅಂದ್ರ ಎಲ್ಲಾರೂ ಮೊದಲ ಹಳೇ ಸಾಕ್ಸಿಗೇ ಕೈ ಹಾಕ್ತಾರ, ಹೆಬ್ಬಟ್ಟು ಕೆಳಗಿನ ದವಡಿ, ನಾಕ ಬೆರಳು ಮ್ಯಾಲಿನ ದವಡಿ, ಎರಡು ಗುಂಡಿ ಹೊಲದ್ರ ಕಣ್ಣು. ಬಾಜೂಮನಿ ಅಜ್ಜ ನೋಡಿ, 'ಶರಣರಿಗಿ ಕಾಲಾಗಿಂದು ಹಾಕ್ತೀರೇನ್ರಪಾ' ಅಂದ. ಖರೇನೇ ಅಂದ. ಅವತ್ತೇ ಬಸವಣ್ಣಗ ಗೊಂಬಿ ಬ್ಯಾಡ ಅಂತ ಮಾಡಿದೆ, ಬರೇ ಮ್ಯಾಲಿಂದ ಒಂದು ಕೈ ಬಂದು ಅಕ್ಕಿ ಚೆಲ್ಲತದ, ಅಷ್ಟ. ಅದು ನನಗೂ ಚಲೋ ಆಯ್ತು, ಯಾಕಂದ್ರ ಪರದೆ ಹಿಂದ ಕೂಡೋನಿಗಿ ಇರೋದು ಎರಡೇ ಕೈ, ಮೂರನೇ ಗೊಂಬಿ ಬರ್ಬೇಕಂದ್ರ ಒಂದು ಒಳಗ ಹೋಗ್ಲೇಬೇಕು, ಇದನ್ನ ಸ್ಕ್ರಿಪ್ಟ್ ಬರಿಯೋವಾಗೇ ನೋಡ್ಕೊಳ್ಳಲಿಲ್ಲಂದ್ರ ಆಟದ ನಡಬರಕ ಗೊಂಬಿ ಬದಲಿ ಮಾಡ್ಲಕ ಹೋಗಿ ಎಲ್ಲಾ ಬಿದ್ದ ಹೋಗತದ.

ಅಜ್ಜ ಸುಮ್ನಿದ್ರೂ ಮಾರಯ್ಯಗ ಸಾಕ್ಸ್ ನಡೀತಿದ್ದಿಲ್ಲ. ಬಾಯಿ ಇರೋ ಗೊಂಬಿ ಅಕ್ಕಿ ಆರಿಸಿದ್ರ ತಿಂದಂಗೇ ಕಾಣಸ್ತದ. ತಂಗಿ ಮಕ್ಕಳ ಮುಂದ ಮಾಡಿ ನೋಡಿದ್ರ 'ಮಾಮಾ, ಅಂವ ತಿಂದಬಿಟ್ಟ' ಅಂತ ಒದರಿದ್ವು, ಕಥೀನೇ ಸತ್ತು ಹೋಯ್ತು. ಅದಕ್ಕ ಮಾರಯ್ಯ ಈಗ ಕೈಗೊಂಬಿ: ಅರಿವಿ ಉಂಡಿ ಕಟ್ಟಿ ತಲಿ ಮಾಡೀನಿ, ಅದರಾಗ ತೋರುಬೆರಳು, ಹೆಬ್ಬಟ್ಟು ನಡಬೆರಳು ಎರಡು ಕೈ. ಬಗ್ಗಿ ಎರಡು ಬೆರಳಲಿಂದ ಕಾಳು ಹಿಡೀತಾನ. ಲಕ್ಕಮ್ಮ ಒಂದು ಕಟಗಿ ಸೌಟು, ಹಸರ ಖಣದ ತುಂಡು ಸುತ್ತೀನಿ. ಆಕಿಗಿ ಬಾಯಿಲ್ಲ, ಕೈಯಿಲ್ಲ, ಬರೇ ಬಾಗೋದು, ತಿರಗೋದು. ಆಕಿ ಮಾತಾಡೋವಾಗ ಮಾರಯ್ಯ ಅಳಗಾಡಬಾರದು, ಇಲ್ಲಂದ್ರ ಯಾರು ಮಾತಾಡ್ಲಕತ್ತಾರ ಅಂತ ಹುಡುಗರಿಗಿ ತಿಳ್ಯಂಗಿಲ್ಲ. ಪರದೆ ಅಂದ್ರ ಅವ್ವನ ಕೌದಿ, ಹೊರಸು ಅಡ್ಡ ನಿಂದ್ರಿಸಿ ಮ್ಯಾಲ ಹಾಕೋದು. ಬೆಳಕು ಒಂಚೂರೂ ಹಾಯಂಗಿಲ್ಲ, ಆದ್ರ ದನೀನೂ ನುಂಗತದ, ಮುಖ ಮ್ಯಾಲೆತ್ತಿ ಮಾತಾಡ್ಬೇಕು.

ಇನ್ನ ಅಕ್ಕಿ. ಎರಡನೇ ಸಾಲಿನ ಹುಡುಗನಿಗಿ ಅಕ್ಕಿಕಾಳು ಕಾಣಂಗಿಲ್ಲ. ಹೆಚ್ಚಿಗಿ ಅಂತ ಹೆಂಗ ತೋರ್ಸೋದು? ಕೇಳಿಸ್ಬೇಕು. ದಿನಾ ಒಂದು ಮುಷ್ಟಿ ಸ್ಟೀಲ್ ತಾಟಿನ್ಯಾಗ ಸರ್ ಅಂತ ಬೀಳತದ. ಎರಡು ಸರ್ತಿ ಹಂಗೇ ಆದ ಮ್ಯಾಲ ಮೂರನೇದಕ್ಕ ಚರಗಿತುಂಬ ಸುರೀತೀನಿ, ದಬದಬ ಸದ್ದು ನಿಂದ್ರಂಗೇ ಇಲ್ಲ. ಲಕ್ಕಮ್ಮ ಬಾಯಿ ಬಿಡೋಕಿಂತ ಮೊದಲೇ ಹುಡುಗರು ಹೋ ಅಂತಾವ. ಆಮ್ಯಾಲ ಬರೋದು ಇಷ್ಟ:

ಮಾರಯ್ಯ: ಲಕ್ಕಮ್ಮಾ, ಇವತ್ತ ಭಾಳ ಸಿಕ್ಕದ ನೋಡು!
(ಲಕ್ಕಮ್ಮ ತಾಟಿನ ಕಡೆ ಮೆಲ್ಲಕ ಬಾಗ್ತಾಳ. ಮೂರು ಎಣಿಸೋತನಕ ಮಾತಿಲ್ಲ.)
ಲಕ್ಕಮ್ಮ: ನಿನ್ನಿ ಇಷ್ಟಿತ್ತೇನು?
ಮಾರಯ್ಯ: ಇಲ್ಲ.
ಲಕ್ಕಮ್ಮ: ನಿನ್ನಿ ನಮ್ಮ ಹೊಟ್ಟಿ ತುಂಬಲಿಲ್ಲೇನು?
ಮಾರಯ್ಯ: ತುಂಬಿತ್ತು.
ಲಕ್ಕಮ್ಮ: ಮತ್ತ ಈ ಹೆಚ್ಚಿನದು ಯಾರದು?

ಮಾರಯ್ಯ ಉತ್ತರ ಕೊಡಂಗಿಲ್ಲ, ಹುಡುಗರು ಕೊಡ್ತಾವ. ಕಡೀಗಿ ಆಕಿ ವಚನದ್ದೇ ಮಾತು ಇಟ್ಟೀನಿ, 'ಈಸಕ್ಕಿಯಾಸೆ ನಿಮಗೇಕೆ?' ಸಣ್ಣ ಹುಡುಗರಿಗಿ ಒಂದು ಮಾತು ತಿಳೀದಿದ್ರೂ ನಡೀತದ, ಬಾಯಾಗ ಉಳೀತದ.

ತಾಲೀಮಿಗಿ ಬಂದ ಒಂದು ಹುಡಗಿ, ಏಳು ವರ್ಷ ಇರಬಹುದು, ಇಲ್ಲೇ ಕೈ ಎತ್ತಿದಳು. 'ಮಾಮಾ, ಅವರ ಮನ್ಯಾಗ ಮಕ್ಕಳಿದ್ದಿಲ್ಲೇನ್ರಿ?'

ನಾ ಕೌದಿ ಹಿಂದ ಸೌಟು ಹಿಡ್ಕೊಂಡು ಹಂಗೇ ಕುಂತೆ.

ನಿಂಗಷ್ಟೇ ಗೊತ್ತದ ಇದು, ಈಗ ಎಲ್ಲಾರಿಗೂ ಗೊತ್ತಾಗ್ಲಿ. ತೊಗರಿ ಸುಗ್ಗ್ಯಾಗ ನಮ್ಮವ್ವ ಕಸಬರಗಿ, ಮರ ತಗೊಂಡು ಗಂಜ್ ಬಜಾರಿಗಿ ಹೋಗ್ತಿದ್ದಳು. ಹಮಾಲರು ಕೊಂಡಿ ಹಾಕಿ ಚೀಲ ಎಳದಾಗ ಸೋರಿದ ಕಾಳು ಬಳಕೊಂಡು, ಮಣ್ಣು ಹರಳು ಕೇರಿ, ಉಡ್ಯಾಗ ಕಟ್ಕೊಂಡು ಬರ್ತಿದ್ದಳು. ಅಲ್ಲಿ ಒಬ್ಬ ಹಮಾಲ ಮಾಮಾ ಇದ್ದ, ಅವ್ವ ಬಂದಾಳಂದ್ರ ಅವನ ಕೊಂಡಿ ಚೀಲಕ್ಕ ಸ್ವಲ್ಪ ಜಾಸ್ತಿನೇ ಹರೀತಿತ್ತು. ಅವ್ವಗೂ ಗೊತ್ತಿತ್ತು, ಹಿಂದ ನಿಂತ ನನಗೂ ಗೊತ್ತಿತ್ತು. ಅವತ್ತ ಮನ್ಯಾಗ ಬ್ಯಾಳಿ ಗಟ್ಟಿ ಇರ್ತಿತ್ತು. ಯಾರೂ ಹೊಳ್ಳಿ ಕೊಟ್ಟು ಬಾ ಅನ್ನಲಿಲ್ಲ. ಕಾಲೇಜಿನ್ಯಾಗ, ಆಮ್ಯಾಲ ನೌಕರ್ಯಾಗ, ಅವ್ವ ಏನ್ ಮಾಡ್ತಾಳ ಅಂತ ಯಾರರೆ ಕೇಳಿದ್ರ ಮನ್ಯಾಗೇ ಇರ್ತಾಳ ಅಂತ ಹೇಳ್ಕೊಂಡೇ ಬಂದೀನಿ, ನನ್ನ ಹೆಂಡತಿಗೂ ಪೂರ್ತಿ ಹೇಳಿಲ್ಲ. ಈಗ ಅದೇ ಬಾಯಲಿಂದ ಹೆಚ್ಚಿಗಿ ತರಬಾರದಪ್ಪಾ ಅಂತ ಸೌಟಿನ ಕೈಲಿ ಹೇಳಸ್ಲಕತ್ತೀನಿ, ಗಂಟಲಾಗ ಏನೋ ಸಿಕ್ಕಂಗ ಆಗತದ ದೋಸ್ತಾ.

ಆಡಸೋ ಹಿರಿಯರು ಒಬ್ಬರು, ಟೈಮ್ ಆಗತದ, ಕಡೀ ಸೀನ್ ತೆಗಿ, ಯಾರರೆ ಬಂದು 'ಮಕ್ಕಳೇ ಇದರಿಂದ ನಾವು ಕಲಿಯಬೇಕಾದದ್ದು' ಅಂತ ಹೇಳಿ ಮುಗಸ್ಲಿ ಅಂದ್ರು. ನಾ ಒಪ್ಪಲಿಲ್ಲ. ಹೊಟ್ಟಿ ತುಂಬಿದೋನು ಹೊರಗ ನಿಂತು ಹಂಗಂದ್ರ ಅದು ಬಡವರಿಗಿ ಬೈದಂಗೇ. ಆ ಮಾತು ಲಕ್ಕಮ್ಮನ ಬಾಯಾಗೇ ಬರ್ಬೇಕು, ಯಾಕಂದ್ರ ಒಲಿ ಮುಂದ ಕೂಡೋಕಿ ಆಕಿ. ಕಡೀ ಸೀನ್ ಅಂತೂ ಇರ್ಲೇಬೇಕು, ಅದರಾಗ ಹೆಚ್ಚಿಂದು ಹೊಳ್ಳಿ ಕಳಿಸಿದ ಆಕೀನೇ ಬಸವಣ್ಣನ್ನ, ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರನ್ನ ಪ್ರಸಾದಕ್ಕ ಕರೀತಾಳ, ಉಳಿದ ಚೂರು ಅಕ್ಕ್ಯಾಗ ಎಲ್ಲಾರಿಗೂ ಉಣಸ್ತಾಳ. ಇದು ಬಿಟ್ರ ಲಕ್ಕಮ್ಮ ಬರೇ ಬ್ಯಾಡ ಅನ್ನೋಕಿ, ಇದು ಇದ್ರ ಕೊಡೋಕಿ. ಅಷ್ಟು ಜಂಗಮರನ್ನ ಎಲ್ಲಿಂದ ತರೋದು? ಮುಂದ ಕುಂತ ಹುಡುಗರೇ ಜಂಗಮರು. ಸಣ್ಣ ಗಡಗಿ ಕೌದಿ ಮ್ಯಾಲ ಬರ್ತದ, ಎಲ್ಲಾರಿಗೂ ಒಂದೊಂದು ಮುಷ್ಟಿ ಚುರಮುರಿ. ಖಾಲಿ ಆದಂಗ ಕೆಳಗ ಇಳಿತದ, ಒಳಗೊಬ್ಬ ಬಕೀಟಿನಿಂದ ತುಂಬಿ ಮ್ಯಾಲ ಕೊಡ್ತಾನ, ಹುಡುಗರಿಗಿ ಅದೇ ಗಡಗಿ, ಮುಗಿಯಂಗೇ ಇಲ್ಲ.

ಆ ಹುಡಗಿಗಿ ಉತ್ತರ ಇನ್ನೂ ಕೊಟ್ಟಿಲ್ಲ. ಸ್ಕ್ರಿಪ್ಟಿನ್ಯಾಗ ಆ ಪ್ರಶ್ನಿ ಹಂಗೇ ಹಾಕಿ ಬಿಡ್ಲೇನು ಅಂತ ಒಂದು ವಿಚಾರ ಅದ.

ಇರ್ಲಿ ಬಿಡು, ಭಾಳ ಸೀರಿಯಸ್ ಆಯ್ತು, ನಿಂಗ ಬೇರೆ ಹೊಟ್ಟಿಕಡತ ಆಗತದ. ಬಕೀಟು ಹಿಡಿಯೋ ಕೆಲಸಕ್ಕ ನಿನ್ನ ಹೆಸರ ಬರದೀನಿ. ಅಭಿನಯ ಬೇಕಾಗಿಲ್ಲ, ಬಾಯಿ ಮುಚ್ಕೊಂಡು ಕೂಡಬೇಕು, ಅದೇ ನಿಂಗ ಕಠಿಣ. ಚುರಮುರಿ ನಡುವ ನೀನೇ ತಿಂದು ಮುಗಿಸಬ್ಯಾಡ, ಆಟ ಆದ ಮ್ಯಾಲ ಸುಸಲಾ, ಮಿರ್ಚಿಭಜಿ ನಂದೇ ಖರ್ಚು. ಮತ್ತ ಈ ಪತ್ರ ನಮ್ಮವ್ವಗ ಓದಿ ಹೇಳಬ್ಯಾಡಲೇ, ತೊಗರಿ ವಿಷಯಕ್ಕಲ್ಲ, ಕೌದಿ ಹೊರಗ ಒಯ್ದೀನಂತ ಗೊತ್ತಾದ್ರ ಬೈತಾಳ.

ನಿನ್ನ,
ಸೌಟಿನ ಡೈರೆಕ್ಟರ್